ದಿನಕ್ಕೆ 600 ಫೈಲ್, ಒಂದಕ್ಕೆ 8 ನಿಮಿಷ: ಎಷ್ಟು ಜನ ಬೇಕು?

ಪ್ರಶ್ನೆ: ಗೋಣಿಕೊಪ್ಪದಲ್ಲಿ ಸಣ್ಣ ಬ್ಯಾಕ್ ಆಫೀಸ್ ಶುರು ಮಾಡ್ತಿದ್ದೇವೆ. ಆರೋಗ್ಯ ವಿಮೆಯ ಕ್ಲೈಮ್ ಫೈಲ್ ನೋಡಿ ಎಂಟ್ರಿ ಮಾಡೋ ಕೆಲಸ, ವಾರಕ್ಕೆ 6 ದಿನ. ದಿನಕ್ಕೆ ಸರಾಸರಿ 600 ಫೈಲ್, ಒಂದಕ್ಕೆ ಸರಾಸರಿ 8 ನಿಮಿಷ ಅಂತ ಕ್ಲೈಂಟ್ ಹೇಳಿದ್ದಾರೆ. ಅಂದ್ರೆ 80 ಗಂಟೆ ಕೆಲಸ, 8 ಗಂಟೆ ಶಿಫ್ಟ್. 10 ಜನ ಸಾಕಲ್ವಾ?

ಉತ್ತರ:

ಸಾಲುವುದಿಲ್ಲ. ನೀವು ಕೊಟ್ಟ ಅಂಕಿಗಳಿಗೆ 15 ಜನ ಬೇಕು. ಬಂದ ಫೈಲನ್ನು ಅದೇ ದಿನ ಮುಗಿಸಬೇಕು ಎಂದು ಕ್ಲೈಂಟ್ ಷರತ್ತು ಹಾಕಿದ್ದರೆ 21. ನಾನು ಕುಶಾಲನಗರದಲ್ಲಿ ಇಂಥದ್ದೇ ಒಂದು ತಂಡ ನಡೆಸಿದವನು. ಮೊದಲ ಸಲ ನಾನೂ ನಿಮ್ಮ ಹಾಗೇ ಭಾಗಿಸಿ ಜನ ತೆಗೆದುಕೊಂಡಿದ್ದೆ, ಆಮೇಲೆ ಮೂರು ತಿಂಗಳು ಭಾನುವಾರವೂ ಹುಡುಗರನ್ನು ಕರೆಸಬೇಕಾಯಿತು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

80 ಗಂಟೆ ಎಂಬ ಲೆಕ್ಕ ಸರಿ ಇದೆ. ಅದನ್ನು 8ರಿಂದ ಭಾಗಿಸಿದ್ದು ತಪ್ಪು. 8 ಗಂಟೆ ಎಂದರೆ ನೀವು ಸಂಬಳ ಕೊಡುವ ಸಮಯ, ಫೈಲ್ ಮೇಲೆ ಕೈ ಇರುವ ಸಮಯವಲ್ಲ. ಊಟ ಬಿಟ್ಟು 480 ನಿಮಿಷ ಎಂದಿಟ್ಟುಕೊಳ್ಳಿ. ನಮ್ಮಲ್ಲಿ ಬೆಳಿಗ್ಗೆ ಸಿಸ್ಟಮ್ ಆನ್ ಮಾಡಿ, ಲಾಗಿನ್ ಆಗಿ, ಅವತ್ತಿನ ಸೂಚನೆ ಕೇಳಿ ಕೂರುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತಿತ್ತು. ಎರಡು ಸಲ ಕಾಫಿಗೆ 20 ನಿಮಿಷ. ನಿನ್ನೆಯ ತಪ್ಪುಗಳನ್ನು ಟೀಮ್ ಲೀಡರ್ ಕರೆದು ತೋರಿಸುವುದಕ್ಕೆ ಮತ್ತೊಂದು 20. ಅಲ್ಲಿಗೆ ಉಳಿದದ್ದು 410. ಇನ್ನು ಒಂದು ಫೈಲ್ ಮುಗಿಸಿ ಇನ್ನೊಂದು ತೆರೆಯುವ ನಡುವೆ ಸ್ಕ್ಯಾನ್ ಲೋಡ್ ಆಗುವುದಕ್ಕೆ ಕಾಯುವುದು, ಪಕ್ಕದವರನ್ನು ಒಂದು ಮಾತು ಕೇಳುವುದು, ನೆಟ್ ನಿಂತು ಬರುವುದು, ಇವೆಲ್ಲ ಯಾವ ರಿಪೋರ್ಟಿನಲ್ಲೂ ಕಾಣುವುದಿಲ್ಲ. ಅದಕ್ಕೆ 50 ನಿಮಿಷ ಇಟ್ಟರೆ ಒಬ್ಬರಿಂದ ನಿಜವಾಗಿ ಸಿಗುವುದು 360 ನಿಮಿಷ, ಅಂದರೆ 45 ಫೈಲ್. ಇದು ಯಾರ ಸೋಮಾರಿತನವೂ ಅಲ್ಲ. ಇದನ್ನು ಹಿಂಡಿ 420ಕ್ಕೆ ಏರಿಸಲು ಹೋದರೆ ಎಂಟ್ರಿಯಲ್ಲಿ ತಪ್ಪು ಹೆಚ್ಚಾಗುತ್ತದೆ, ವಾಪಸ್ ಬಂದ ಫೈಲ್ ಇನ್ನೊಂದು ಸಲ ಮಾಡಬೇಕಾಗುತ್ತದೆ.

4,800 ನಿಮಿಷದ ಕೆಲಸಕ್ಕೆ ತಲಾ 360 ನಿಮಿಷದಂತೆ ದಿನಾ ಹಾಜರಿರಬೇಕಾದವರು 13.3 ಜನ. ಹಾಜರಿರಬೇಕಾದವರು ಬೇರೆ, ಪಟ್ಟಿಯಲ್ಲಿರಬೇಕಾದವರು ಬೇರೆ. ರಜೆ, ಜ್ವರ, ಕೆಲಸ ಬಿಟ್ಟವರ ಖಾಲಿ ಜಾಗ ಎಲ್ಲ ಸೇರಿ ಸರಾಸರಿ ನೂರಕ್ಕೆ 10 ಜನ ಇರುವುದಿಲ್ಲ ಎಂದು ಹಿಡಿಯಿರಿ. ಆಗ 13.3ನ್ನು 0.9ರಿಂದ ಭಾಗಿಸಬೇಕು. ಎಷ್ಟೋ ಜನ 1.1ರಿಂದ ಗುಣಿಸುತ್ತಾರೆ. ಸಣ್ಣ ತಂಡದಲ್ಲಿ ಈ ತಪ್ಪು ಕಾಣಿಸುವುದಿಲ್ಲ, ಆದರೆ 100 ಜನ ಹಾಜರಿರಬೇಕಾದ ಕಡೆ ಗೈರು ನೂರಕ್ಕೆ 30 ಇದ್ದರೆ ಗುಣಿಸಿದಾಗ 130 ಬರುತ್ತದೆ, ನಿಜಕ್ಕೂ ಬೇಕಾದದ್ದು 143. ಎಕ್ಸೆಲ್‌ನಲ್ಲಿ ಹೀಗೆ ಬರೆದಿಟ್ಟುಕೊಳ್ಳಿ:

```
=ROUNDUP(600*8/360/(1-0.1),0)
```

15 ಬರುತ್ತದೆ. 600, 8, 360, 0.1, ಈ ನಾಲ್ಕನ್ನೂ ಬೇರೆ ಬೇರೆ ಸೆಲ್‌ನಲ್ಲಿಡಿ. ತಿಂಗಳು ಕಳೆದ ಹಾಗೆ ನಿಮ್ಮದೇ ಅಂಕಿಗಳನ್ನು ತುಂಬಬಹುದು.

ಈ ನಾಲ್ಕರಲ್ಲಿ ನನಗೆ ಹೆಚ್ಚು ಅನುಮಾನ ಬರುವುದು ಆ 8ರ ಮೇಲೆ. ಕ್ಲೈಂಟ್ ಕೊಟ್ಟ ಸರಾಸರಿಯನ್ನು ಹಾಗೇ ನಂಬಬೇಡಿ, ಯಾವ ಯಾವ ಥರದ ಫೈಲ್ ಸೇರಿ 8 ಆಯಿತು ಎಂದು ಕೇಳಿ. ಕ್ಲೈಮ್ ಕೆಲಸದಲ್ಲಿ ಎರಡು ಜಾತಿ ಇರುತ್ತವೆ: ಒಂದು ನಾಲ್ಕೈದು ಪುಟದ ಸಣ್ಣ ಫೈಲ್, ಇನ್ನೊಂದು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಲ್ಯಾಬ್ ರಿಪೋರ್ಟ್, ಔಷಧಿ ಬಿಲ್ಲುಗಳ ಕಂತೆ ಇರುವ ದಪ್ಪ ಫೈಲ್. ಸಣ್ಣದಕ್ಕೆ 5 ನಿಮಿಷ, ದಪ್ಪದ್ದಕ್ಕೆ 15 ಎಂದುಕೊಳ್ಳಿ. 600ರಲ್ಲಿ 420 ಸಣ್ಣವು, 180 ದಪ್ಪವು ಇದ್ದರೆ ಸರಾಸರಿ ಸರಿಯಾಗಿ 8. ದಪ್ಪವು 240ಕ್ಕೆ ಏರಿದರೆ ಸರಾಸರಿ 9 ಆಗುತ್ತದೆ, ಬೇಕಾದ ಜನ 17. ಬರುವ ಫೈಲ್ ಅದೇ 600, ಆದರೂ ಇಬ್ಬರು ಹೆಚ್ಚು ಬೇಕಾಯಿತು. ಆದ್ದರಿಂದ ಎರಡನ್ನೂ ಬೇರೆ ಬೇರೆ ಎಣಿಸಿ.

ನೀವೇ ಅಳೆಯುವಾಗಲೂ ಒಂದು ಕಡೆ ಜಾರುವ ಜಾಗ ಇದೆ. ನಾನು ಜಾರಿದ್ದು ಅಲ್ಲೇ. ಶುರುವಿನ ಎರಡು ವಾರ ಸಿಸ್ಟಮ್ ರಿಪೋರ್ಟ್ ಸರಾಸರಿ ಆರೂವರೆ ನಿಮಿಷ ಎಂದು ತೋರಿಸಿತು. ನನಗೆ ಖುಷಿಯಾಯಿತು, ಅದರ ಮೇಲೆಯೇ ಜನ ಸಾಕು ಎಂದು ನಿರ್ಧರಿಸಿದೆ. ಆದರೆ ಪೆಂಡಿಂಗ್ ಮಾತ್ರ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಬ್ಬ ಹುಡುಗಿಯ ಹಿಂದೆ ನಿಂತು ನೋಡಿದೆ. ಸ್ಕ್ರೀನಿನ ಮೇಲೆ ಫೈಲ್‌ಗಳ ಪಟ್ಟಿ, ಪ್ರತಿ ಸಾಲಿನ ಕೊನೆಗೆ ಪುಟಗಳ ಸಂಖ್ಯೆ. ಅವಳ ಕರ್ಸರ್ 38 ಪುಟ ಎಂಬ ಸಾಲಿನ ಮೇಲೆ ಒಂದು ಕ್ಷಣ ನಿಂತು, ಕೆಳಗಿದ್ದ 4 ಪುಟದ ಸಾಲಿಗೆ ಜಾರಿತು. ಅದು ಮುಗಿದ ಮೇಲೆ 5 ಪುಟದ್ದು. ಅವಳನ್ನು ದೂರುವಂತಿಲ್ಲ, ದಿನಕ್ಕೆ ಎಷ್ಟು ಫೈಲ್ ಆಯಿತು ಎಂದಷ್ಟೇ ಕೇಳುತ್ತಿದ್ದವನು ನಾನು. ಎಲ್ಲರೂ ಸಣ್ಣದನ್ನೇ ಆರಿಸಿ ಮಾಡುತ್ತಿದ್ದರು, ದಪ್ಪವು ತಳದಲ್ಲಿ ಕೂರುತ್ತಿದ್ದವು. ಮುಗಿದ ಫೈಲುಗಳ ಸರಾಸರಿಗೆ ಮುಗಿಯದವುಗಳ ಭಾರ ಸೇರುವುದೇ ಇಲ್ಲವಲ್ಲ! ತಳ ಖಾಲಿ ಮಾಡಿದ ಮೇಲೆ ನಿಜವಾದ ಸರಾಸರಿ 8 ದಾಟಿತು.

ಇದನ್ನು ಪತ್ತೆ ಮಾಡುವುದು ಸುಲಭ. ಪೆಂಡಿಂಗ್ ಎಷ್ಟಿದೆ ಎಂಬುದರ ಜೊತೆಗೆ ಅತಿ ಹಳೆಯ ಫೈಲ್ ಎಷ್ಟು ದಿನದ್ದು ಎಂದು ದಿನಾ ಸಂಜೆ ನೋಡಿ. ಸಂಖ್ಯೆ ಅಷ್ಟೇ ಇದ್ದು ವಯಸ್ಸು ಏರುತ್ತಿದ್ದರೆ ಆರಿಸಿ ತೆಗೆಯುತ್ತಿದ್ದಾರೆ ಎಂದರ್ಥ. ಪಟ್ಟಿ ತೋರಿಸುವುದನ್ನು ನಿಲ್ಲಿಸಿ, ಬಂದ ಕ್ರಮದಲ್ಲೇ ಸಿಸ್ಟಮ್ ಒಂದೊಂದಾಗಿ ಕೊಡುವಂತೆ ಮಾಡಿ. ಅದಾದ ಮೇಲಿನ ಎರಡು ವಾರದ ಒಟ್ಟು ನಿಮಿಷವನ್ನು ಒಟ್ಟು ಫೈಲ್‌ಗಳಿಂದ ಭಾಗಿಸಿ, ಆ ಸಂಖ್ಯೆಯನ್ನು ನಂಬಬಹುದು.

ಇನ್ನು 600 ಎಂಬ ಸರಾಸರಿ. ಭಾನುವಾರ ನಿಮಗೆ ರಜೆ, ಆಸ್ಪತ್ರೆಗಳಿಗಲ್ಲ. ಸೋಮವಾರ ರಾಶಿ ಬೀಳುತ್ತದೆ. ಸೋಮವಾರದಿಂದ ಶನಿವಾರದವರೆಗೆ 840, 660, 600, 540, 480, 480 ಬಂದರೂ ಸರಾಸರಿ 600ಏ. ನಿಮ್ಮ 15 ಜನರಲ್ಲಿ ಸರಾಸರಿ ಹದಿಮೂರೂವರೆ ಜನ ಹಾಜರಿದ್ದು ದಿನಕ್ಕೆ ಸುಮಾರು 607 ಮುಗಿಸುತ್ತಾರೆ. ಸೋಮವಾರ ಸಂಜೆ 233 ಉಳಿಯುತ್ತವೆ, ಮಂಗಳವಾರ 286ಕ್ಕೆ ಏರುತ್ತವೆ, ಬುಧವಾರ 279, ಗುರುವಾರ 212, ಶುಕ್ರವಾರ 85, ಶನಿವಾರ ಎಲ್ಲ ಖಾಲಿ. ಅತಿ ಹೆಚ್ಚು ಎಂದರೆ ಅರ್ಧ ದಿನದ ಕೆಲಸಕ್ಕಿಂತ ಕಡಿಮೆ. ಬಂದ ಕ್ರಮದಲ್ಲೇ ಮಾಡಿದರೆ ಯಾವ ಫೈಲೂ ಮರುದಿನ ದಾಟುವುದಿಲ್ಲ. ಆದ್ದರಿಂದ ಟ್ಯಾಟ್, ಅಂದರೆ ಬಂದ ಫೈಲನ್ನು ಮುಗಿಸಿಕೊಡಬೇಕಾದ ಗಡುವು, ‘ಮುಂದಿನ ಕೆಲಸದ ದಿನ’ ಎಂದಿದ್ದರೆ 15 ಜನ ಸಾಕು.

ಅದೇ ದಿನ ಮುಗಿಸಬೇಕೆಂದರೆ ಸೋಮವಾರದ 840ಕ್ಕೆ 19 ಜನ ಹಾಜರಿರಬೇಕು, ಪಟ್ಟಿಯಲ್ಲಿ 21 ಜನ ಬೇಕು. ಶುಕ್ರವಾರ, ಶನಿವಾರ ಅವರಲ್ಲಿ ಎಂಟು ಜನರಿಗೆ ಕೆಲಸವೇ ಇರುವುದಿಲ್ಲ. ಆ ಒಂದು ಷರತ್ತಿನ ಬೆಲೆ ಆರು ಸಂಬಳ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಇದನ್ನು ಕ್ಲೈಂಟ್ ಮುಂದಿಡಿ, ಅಷ್ಟು ಆತುರ ಬೇಕಿದ್ದರೆ ಅದಕ್ಕೆ ತಕ್ಕ ದರ ಕೇಳಿ. ಕಾಲ್ ಸೆಂಟರ್‌ನವರು ಬಳಸುವ ಅರ್ಲಾಂಗ್ ಲೆಕ್ಕವನ್ನು ಯಾರಾದರೂ ನಿಮಗೆ ಹೇಳಿದರೆ ಕೈಬಿಡಿ. ಅದು ಫೋನಿನಲ್ಲಿ ಕಾಯುತ್ತಾ ನಿಂತವರಿಗಾಗಿ ಮಾಡಿದ್ದು. ಫೈಲ್ ನಾಳೆವರೆಗೆ ಕಾಯುತ್ತದೆ, ನಿಮಗೆ ಮೇಲೆ ಮಾಡಿದಂಥ ದಿನದಿನದ ಪೆಂಡಿಂಗ್ ಲೆಕ್ಕವೇ ಸಾಕು.

ಕೊನೆಯದಾಗಿ, ನೂರಕ್ಕೆ 10 ಗೈರು ಎಂದೆನಲ್ಲ, ಕೊಡಗಿನಲ್ಲಿ ಅದು ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್, ಅಕ್ಟೋಬರ್ ಮಧ್ಯದಲ್ಲಿ ಕಾವೇರಿ ಸಂಕ್ರಮಣ, ಕಾಫಿ ಕೊಯ್ಲಿನ ಹೊತ್ತಿಗೆ ಪುತ್ತರಿ. ಊರಿನವರನ್ನೇ ಕೆಲಸಕ್ಕೆ ತೆಗೆದುಕೊಂಡರೆ ಅರ್ಧ ತಂಡ ಒಂದೇ ದಿನ ರಜೆ ಕೇಳುತ್ತದೆ. ಕೊಡದೆ ಇರುವುದು ಸರಿಯೂ ಅಲ್ಲ, ಸಾಧ್ಯವೂ ಇಲ್ಲ. ಜುಲೈಯಲ್ಲಿ ಮಳೆ ಜೋರಾಗಿ ಶಾಲೆಗಳಿಗೆ ರಜೆ ಎಂದು ಬೆಳಿಗ್ಗೆ ಗೊತ್ತಾದರೆ ಸಣ್ಣ ಮಕ್ಕಳಿರುವ ತಾಯಂದಿರು ಬರಲಾಗುವುದಿಲ್ಲ. ಬಂದವರಿಗೂ ಕರೆಂಟ್ ಇರುತ್ತದೆ ಎಂಬ ಖಾತ್ರಿ ಇಲ್ಲ.

15ರಲ್ಲಿ 7 ಜನ ಮಾತ್ರ ಬಂದ ದಿನ ಆಗುವುದು 315 ಫೈಲ್. ಎರಡು ದಿನ ಹಾಗಾದರೆ 570 ಬಾಕಿ. ಆಮೇಲೆ ಒಬ್ಬರೂ ತಪ್ಪದೆ 15 ಜನ ಬಂದರೂ ದಿನಕ್ಕೆ 675 ಆಗುತ್ತದೆ, ಹೆಚ್ಚುವರಿ 75 ಮಾತ್ರ. ಬಾಕಿ ತೀರಲು 8 ದಿನ ಬೇಕು. ಇದಕ್ಕಾಗಿ ವರ್ಷವಿಡೀ ಹೆಚ್ಚು ಜನ ಇಟ್ಟುಕೊಳ್ಳುವುದು ದಂಡ. ಹಬ್ಬದ ತಾರೀಖುಗಳು ಮೊದಲೇ ಗೊತ್ತಿರುತ್ತವೆ. ಆ ವಾರಗಳಿಗೆ ಟ್ಯಾಟ್ ಮೂರು ಕೆಲಸದ ದಿನ ಎಂದು ಒಪ್ಪಂದದಲ್ಲೇ ಬರೆಸಿ, ಹಬ್ಬದ ಮುಂಚಿನ ಭಾನುವಾರ ಓವರ್‌ಟೈಮ್ ಕೊಟ್ಟು ಪೆಂಡಿಂಗ್ ಸೊನ್ನೆಗೆ ತನ್ನಿ, ಹಬ್ಬ ಮುಗಿದ ಮೇಲೆ ಮತ್ತೊಂದು ಭಾನುವಾರ ಕೇಳಿ. ರಜೆ ಕೊಟ್ಟಿದ್ದರೆ ಆ ಭಾನುವಾರ ಬರುತ್ತಾರೆ. ಮಳೆಗಾಲಕ್ಕೆ ಮಾತ್ರ ತಾರೀಖು ಇಲ್ಲ. ಅದಕ್ಕೆ ಯುಪಿಎಸ್, ಜನರೇಟರ್, ಎರಡು ಬೇರೆ ಕಂಪನಿಗಳ ನೆಟ್ ಕನೆಕ್ಷನ್‌ಗೆ ಖರ್ಚು ಮಾಡಿ, ಹದಿನಾರನೆಯವರ ಸಂಬಳಕ್ಕಿಂತ ಮೊದಲು.