ಕಾಗುಣಿತ ಕಿತ್ತುಹಾಕಿದ ಗಾದೆಯನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯವರ ವಾಟ್ಸಾಪ್ ಗ್ರೂಪಲ್ಲಿ ಒಂದು ಒಗಟು ಬಂದಿದೆ: "ಕಬ ರನಗವ ರಷದ ಣಣಗನ ಮಷ". ಕಾಗುಣಿತ ಎಲ್ಲಾ ತೆಗೆದಿದ್ದಾರಂತೆ, ಪದಗಳ ನಡುವಿನ ಜಾಗವನ್ನೂ ಬೇಕಂತಲೇ ತಪ್ಪು ಬಿಟ್ಟಿದ್ದಾರಂತೆ. ಸುಳಿವು ಒಂದೇ, "ಗಾದೆ". ಎರಡು ದಿನದಿಂದ ತಲೆ ಕೆರೆದುಕೊಳ್ತಾ ಇದ್ದೀನಿ. ಇಂಥದ್ದನ್ನು ಬಿಡಿಸೋಕೆ ಏನಾದ್ರೂ ದಾರಿ ಇದೆಯಾ, ಇಲ್ಲಾ ಸುಮ್ನೆ ಊಹೆ ಮಾಡ್ತಾ ಕೂರಬೇಕಾ?

ಉತ್ತರ: ದಾರಿ ಇದೆ. ನಿಮ್ಮ ಗಾದೆಯನ್ನೇ ಹಿಡಿದು ತೋರಿಸುತ್ತೇನೆ, ಉತ್ತರ ಮಧ್ಯದಲ್ಲಿ ತಾನಾಗಿ ಬರುತ್ತದೆ.

ಮೊದಲು ಆ ಜಾಗಗಳನ್ನು ಅಳಿಸಿಬಿಡಿ. ಅವು ದಾರಿ ತಪ್ಪಿಸೋಕೆ ಇಟ್ಟಿರುವುದು. ಬಿಬಿಸಿಯಲ್ಲಿ 2008ರಿಂದ ಬರುತ್ತಿರುವ ಓನ್ಲಿ ಕನೆಕ್ಟ್ ಎಂಬ ಕ್ವಿಜ್‌ನ ಕೊನೇ ಸುತ್ತು ಇದೇ ಆಟ. ಅಲ್ಲಿ ಇಂಗ್ಲಿಷ್ ಸ್ವರಗಳನ್ನು ತೆಗೆದು ಉಳಿದ ಅಕ್ಷರಗಳ ನಡುವೆ ಹೀಗೇ ಸುಳ್ಳು ಜಾಗ ಬಿಡುತ್ತಾರೆ. ಅಲ್ಲಿಂದಲೇ ಯಾರೋ ಕನ್ನಡಕ್ಕೆ ಇಳಿಸಿರಬೇಕು. ಜಾಗ ತೆಗೆದರೆ ನಿಮ್ಮ ಕೈಯಲ್ಲಿ ಉಳಿಯುವುದು ಇಷ್ಟು:

ಕಬರನಗವರಷದಣಣಗನಮಷ

ಒಟ್ಟು 15 ಅಕ್ಷರ. ಕನ್ನಡದಲ್ಲಿ ಈ ಆಟಕ್ಕೆ ಇಂಗ್ಲಿಷಿನಲ್ಲಿ ಇಲ್ಲದ ಒಂದು ತೊಡಕಿದೆ. ನಮ್ಮ ಬೋಳು ಅಕ್ಷರ ನಿಜವಾಗಿ ಬೋಳಲ್ಲ, ಅದರ ತಲೆ ಮೇಲೆ ತಲಕಟ್ಟು ಕೂತಿರುತ್ತದೆ, ಹಾಗಾಗಿ ನಾವು ಅದನ್ನು ಗೊತ್ತಿಲ್ಲದೇ "ಅ"ಕಾರದಲ್ಲೇ ಓದಿಬಿಡುತ್ತೇವೆ. ಎರಡು ದಿನದಿಂದ ನಿಮ್ಮ ಬಾಯಲ್ಲಿ "ಕಬರನಗವರಷ" ಅಂತ ಯಾವುದೋ ಮಂತ್ರದ ಹಾಗೆ ಓಡಾಡುತ್ತಿರುತ್ತದೆ, ಅಲ್ವಾ? ಅದೇ ಅಡ್ಡಗಾಲು. ಕಾಗದದ ಮೇಲೆ "ಕ್ ಬ್ ರ್ ನ್ ಗ್ ವ್ ರ್ ಷ್" ಅಂತ ಬಿಡಿಬಿಡಿಯಾಗಿ ಬರೆದುಕೊಳ್ಳಿ. ಓದೋಕೆ ಆಗದ ಹಾಗೆ ಮಾಡಿಕೊಂಡರೇನೇ ಬೇರೆ ಸ್ವರ ಹೊಳೆಯುವುದು. ನಿಮ್ಮ ಗಾದೆಯಲ್ಲಿ ನಿಜವಾಗಿ "ಅ"ಕಾರ ಇರುವುದು 15ರಲ್ಲಿ ನಾಲ್ಕಕ್ಕೆ ಮಾತ್ರ.

ಇನ್ನು ಏನೇನು ಕಳೆದುಹೋಗಿದೆ ಅಂತ ನೋಡಿ. ಗುಡಿಸು, ಕೊಂಬು, ಏತ್ವ ಎಲ್ಲ ಹೋಗಿವೆ, ಅದು ಸರಿ. ಪದದ ಮೊದಲಲ್ಲಿ ಬರುವ ಅ, ಆ, ಇ, ಊ ಕೂಡ ಹೋಗಿರುತ್ತವೆ, ಅವೂ ಸ್ವರಗಳೇ ತಾನೇ. ಅಂದರೆ "ಊರಿಗೆ" ಎಂಬುದು "ರಗ" ಆಗುತ್ತದೆ. ಸೊನ್ನೆಯ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ನಿಯಮ, ನಿಮ್ಮ ಸಾಲಲ್ಲಿ ಒಂದೂ ಸೊನ್ನೆ ಇಲ್ಲ ಅಂದಮೇಲೆ ಅದನ್ನೂ ತೆಗೆದಿರಬಹುದು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಆದರೆ ಒತ್ತಕ್ಷರ ಹೋಗುವುದಿಲ್ಲ. ಒತ್ತು ಅಂದರೆ ಇನ್ನೊಂದು ವ್ಯಂಜನ, ಅದು ಕೆಳಗಿನಿಂದ ಮೇಲೆ ಬಂದು ಸಾಲಲ್ಲಿ ಕೂರುತ್ತದೆ. "ಬೆಟ್ಟ" ಅನ್ನುವುದು "ಬಟಟ". ಈ ಒಂದು ವಿಷಯದಿಂದಲೇ ಅರ್ಧ ಕೆಲಸ ಆಗುತ್ತದೆ, ಯಾಕೆಂದರೆ ಕನ್ನಡದಲ್ಲಿ ದ್ವಿತ್ವ ಎಲ್ಲೆಲ್ಲೂ ಇದೆ, ಸಾಲಲ್ಲಿ ಒಂದೇ ಅಕ್ಷರ ಜೋಡಿಯಾಗಿ ನಿಂತಿರುವ ಕಡೆಯಿಂದ ಶುರು ಮಾಡಿದರೆ ಕೈಗೆ ಏನಾದರೂ ಸಿಗುತ್ತದೆ.

ನಿಮ್ಮಲ್ಲಿ ಅಂಥ ಜೋಡಿ ಒಂದೇ: ಣಣ. ಇದಂತೂ ಬಂಗಾರ. ಕನ್ನಡದ ಪದ ಣ, ಳ ಇಂದ ಶುರುವಾಗುವುದಿಲ್ಲ. ಹಾಗಾಗಿ ಣಣ ತನ್ನ ಎಡಗಡೆಯಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕು. ಎಡಗಡೆ ಇರುವುದು "ವರಷದ". ನೀವು ಬಹುಶಃ ಸಿಕ್ಕಿಕೊಂಡಿದ್ದೂ ಇಲ್ಲೇ. "ವರ್ಷದ" ಅನ್ನುವುದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ಒಮ್ಮೆ ಕಂಡಮೇಲೆ ಬಿಡೋಕೆ ಮನಸ್ಸೇ ಬರಲ್ಲ. ಆದರೆ ಅದನ್ನು ಹಿಡಿದುಕೊಂಡರೆ ಮುಂದಿನ ಪದ ಣಣಗ ಅಂತ ಶುರುವಾಗಬೇಕು, ಅದು ಸಾಧ್ಯವಿಲ್ಲ. ಅಂದಮೇಲೆ ದ ಆ ಕಡೆಯದು. "ವರಷ" ಇಲ್ಲಿಗೆ ಮುಗಿಯಿತು, "ದಣಣ" ಹೊಸದು.

ದಣಣ ಅನ್ನುವುದಕ್ಕೆ ಸ್ವರ ತುಂಬಿ ನೋಡಿ. ದಣ್ಣ, ದಿಣ್ಣ, ದುಣ್ಣ... ದೊಣ್ಣೆ! ದಿಣ್ಣೆಯೂ ಆಗಬಹುದು, ಆದರೆ ಗಾದೆ ಅಂದಮೇಲೆ ಮೊದಲು ದೊಣ್ಣೆಯನ್ನೇ ಹಿಡಿದು ನೋಡೋಣ. ಅದಾದಮೇಲೆ ಬರುವ ಗ ಏನು ಅಂತ ಹೇಳಬೇಕಾಗಿಲ್ಲ, "ಗೆ". ವಿಭಕ್ತಿ ಪ್ರತ್ಯಯಗಳು ಬೋಳಾದಾಗ ಹೇಗೆ ಕಾಣುತ್ತವೆ ಅಂತ ಕಣ್ಣಿಗೆ ರೂಢಿ ಮಾಡಿಸಿಕೊಳ್ಳಿ, ಪದ ಎಲ್ಲಿ ಮುಗಿಯುತ್ತದೆ ಅಂತ ಹೇಳುವುದು ಅವೇ. "ಅಲ್ಲಿ" ಲಲ ಆಗುತ್ತದೆ, "ಅನ್ನು" ನನ ಆಗುತ್ತದೆ, "ಇಂದ" ಬರೀ ದ, "ನಿಗೆ" ನಗ. ನಿಮ್ಮ ಸಾಲಿನ ಆರಂಭದಲ್ಲಿ ಕಬರ ಆದಮೇಲೆ ನಗ ಇದೆ, ನೋಡಿದಿರಾ? ಈಗ ಸಾಲು ಹೀಗೆ ಒಡೆಯಿತು:

ಕಬರನಗ / ವರಷ / ದಣಣಗ / ನಮಷ

ಯಾರಿಗೋ ವರುಷ, ದೊಣ್ಣೆಗೆ ನಮಷ. ಇಲ್ಲಿಗೆ ಬಂದಮೇಲೆ ನಿಮಗೂ ಹೊಳೆದಿರುತ್ತದೆ: ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಆದರೆ ಕಬರನಗ ಮೇಲೆ ಒಂದು ನಿಮಿಷ ನಿಲ್ಲೋಣ, ಮುಂದಿನ ಒಗಟುಗಳಿಗೆ ಬೇಕಾಗುತ್ತದೆ. ಅಕ್ಷರ ಮಾತ್ರ ನೋಡಿದರೆ ಇದು ಕುಬೇರನಿಗೆ ಆಗಬಹುದು. ಕಬೀರನಿಗೆ ಆಗಬಹುದು. ಅಕ್ಬರನಿಗೆ ಕೂಡ ಆಗಬಹುದು, ಮೊದಲ ಅ ಹೋಗಿದೆಯಲ್ಲ! ಕುಬೇರನಿಗೂ ದೊಣ್ಣೆಗೂ ಏನು ಸಂಬಂಧ ಅಂತ ಕೇಳಿಕೊಂಡಾಗ ಮಾತ್ರ ಕುಂಬಾರ ಬರುತ್ತಾನೆ. ಇದರ ಜೊತೆಗೆ "ಕಬ್ಬ..." ಅಂತ ಶುರುವಾಗುವ ಪದ ಯಾವುದೂ ಬರೋಕೆ ಸಾಧ್ಯವಿಲ್ಲ ಅನ್ನುವುದನ್ನೂ ಗಮನಿಸಿ. ಕಬ್ಬು, ಕಬ್ಬಿಣ ಏನೇ ಇದ್ದರೂ ಬ ಎರಡು ಸಲ ಕಾಣಬೇಕಿತ್ತು. ಒಂದೇ ಬ ಇದೆ, ಅಂದರೆ ಅದರ ಹಿಂದೆ ಸ್ವರ ಇದೆ, ಇಲ್ಲಾ ಸೊನ್ನೆ ಇದೆ, ಇಲ್ಲಾ ಅಕ್ಬರನಲ್ಲಿ ಆದಂತೆ ಕ್ ಬ್ ಎರಡೂ ಕೂಡಿಕೊಂಡಿವೆ.

ವರುಷವೋ ವರ್ಷವೋ ಅಂತ ಅಕ್ಷರ ನೋಡಿ ಹೇಳೋಕೆ ಆಗಲ್ಲ, ಎರಡೂ ವರಷ. ಪ್ರಾಸ ನೋಡಿ, ನಿಮಿಷಕ್ಕೆ ವರುಷವೇ ಹೊಂದುವುದು. ಒಂದು ಎಚ್ಚರಿಕೆ: ಕೈಯಲ್ಲಿ ಒಗಟು ಮಾಡುವವರು ಅರ್ಕಾವತ್ತಿನಲ್ಲಿ ಎಡವುತ್ತಾರೆ. "ವರ್ಷ" ಬರೆಯುವಾಗ ಅರ್ಕಾವತ್ತು ಷ ಆದಮೇಲೆ ಬರುತ್ತದಲ್ಲ, ಕಣ್ಣಿಗೆ ಕಂಡ ಕ್ರಮದಲ್ಲೇ ಅಕ್ಷರ ಕಿತ್ತು "ವಷರ" ಅಂತ ಹಾಕಿಬಿಡುತ್ತಾರೆ. ರ ಎಲ್ಲೋ ತಪ್ಪು ಜಾಗದಲ್ಲಿ ನಿಂತ ಹಾಗೆ ಅನಿಸಿದರೆ ಅದನ್ನು ಒಂದು ಮನೆ ಹಿಂದಕ್ಕೆ ಸರಿಸಿ ನೋಡಿ.

ನಾನೇ ಒಂದು ಸಲ ಇಡೀ ಸಂಜೆ ಸಿಕ್ಕಿಕೊಂಡಿದ್ದು ಇದರಲ್ಲಿ: ತತಗದಕಲಸಸಗದಕಲ. ಇದೂ ಗಾದೆಯೇ. ಮಧ್ಯದಲ್ಲಿ "ಕಲಸ" ಕಂಡಿತು, ಕೆಲಸ ಅಂತ ಗಟ್ಟಿಯಾಗಿ ಹಿಡಿದುಕೊಂಡೆ, ಮೊದಲ ತತ ನೋಡಿ ತಾತ ಅಂದುಕೊಂಡೆ. ತಾತನ ಕೆಲಸದ ಬಗ್ಗೆ ಯಾವ ಗಾದೆ ಇದೆ ಅಂತ ನೆನಪು ಮಾಡಿಕೊಳ್ಳುತ್ತಾ ಕೂತೆ. ಕೊನೆಗೆ ಬಿಡುಗಡೆ ಸಿಕ್ಕಿದ್ದು ಸಾಲಿನ ಎರಡು ಅರ್ಧಗಳನ್ನು ಒಂದರ ಕೆಳಗೆ ಒಂದು ಬರೆದಾಗ:

ತತಗದಕಲ
ಸಸಗದಕಲ

ಗದಕಲ ಎರಡು ಸಲ ಬರುತ್ತದೆ. ಹಾಗಾದರೆ ಕಲ ಆದಮೇಲಿನ ಸ ಅಲ್ಲಿಯದಲ್ಲ, ಕೆಲಸ ಸುಳ್ಳು. ಸಸ ಅಂದರೆ ಸೊಸೆ. ಸೊಸೆ ಬಂದಮೇಲೆ ತತ ಯಾರು ಅಂತ ಕೇಳಬೇಕಾ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನೋಡಿ, ತತ ಜೋಡಿಯಲ್ಲಿ ಒತ್ತು ಇತ್ತು, ಸಸ ಜೋಡಿಯಲ್ಲಿ ಇರಲಿಲ್ಲ. ಜೋಡಿ ಕಂಡ ಕೂಡಲೇ ಒತ್ತು ಅಂತ ನಂಬಬೇಡಿ, ಜಾಸ್ತಿ ಸಲ ಒತ್ತೇ ಇರುತ್ತದೆ ಅಷ್ಟೇ. ನಮ್ಮ ಗಾದೆಗಳಲ್ಲಿ ಬಹಳಷ್ಟು ಹೀಗೆ ಎರಡು ಸಮ ತುಂಡಾಗಿ ತೂಗುತ್ತವೆ, ಹಾಗಾಗಿ ಸುಳಿವು "ಗಾದೆ" ಅಂತಿದ್ದರೆ ಮರಳಿ ಬರುವ ತುಂಡನ್ನು ಮೊದಲೇ ಹುಡುಕಿ. ನಿಮ್ಮದರಲ್ಲೂ ವರಷ, ನಮಷ ಎರಡರ ಕೊನೆಯಲ್ಲೂ ಷ ಇದೆ.

ಕಂಪ್ಯೂಟರ್ ಬಳಸಬಹುದಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ಎಲ್ಲಾ ಸ್ವರಗಳನ್ನೂ ಒಂದೊಂದಾಗಿ ಹಾಕಿ ನೋಡಿಸುವುದು ಆಗದ ಕೆಲಸ. ಒಂದು ವ್ಯಂಜನಕ್ಕೆ 13 ಸ್ವರ, ಜೊತೆಗೆ ಒತ್ತಿಗೆ ಬೇಕಾದ ಅರ್ಧಾಕ್ಷರ ಒಂದು, ಒಟ್ಟು 14 ರೂಪ ಅಂತ ಹಿಡಿದರೂ ಮೂರೇ ಅಕ್ಷರಕ್ಕೆ 2,744 ಆಗುತ್ತದೆ, 15ಕ್ಕೆ ಎಷ್ಟು ಅಂತ ನೀವೇ ಊಹಿಸಿ. ಉಲ್ಟಾ ಹೋಗಬೇಕು: ಪದಪಟ್ಟಿಯ ಪದಗಳನ್ನೇ ಬೋಳಿಸಿ, ಬೋಳು ರೂಪದ ಕೆಳಗೆ ಜೋಡಿಸಿಡಿ. ಪೈಥಾನ್‌ನಲ್ಲಿ ಹೀಗೆ, padagalu.txt ಅಂದರೆ ಸಾಲಿಗೊಂದು ಪದ ಇರುವ ಪಟ್ಟಿ:

```
import re
def bolisu(s):
    return re.sub('[^ಕ-ಹ]', '', s)

kosha = {}
for p in open('padagalu.txt', encoding='utf-8'):
    p = p.strip()
    kosha.setdefault(bolisu(p), []).append(p)

print(kosha.get('ಕಬರ'))
```

ಯೂನಿಕೋಡಿನಲ್ಲಿ ಕ ಇಂದ ಹ ತನಕ ವ್ಯಂಜನಗಳು ಒಂದೇ ಸಾಲಲ್ಲಿ ಇರುವುದರಿಂದ ಅಷ್ಟು ಚಿಕ್ಕ ಸಾಲು ಸಾಕು, ಸ್ವರ, ಸೊನ್ನೆ, ಜಾಗ ಎಲ್ಲ ಒಟ್ಟಿಗೆ ಹೋಗುತ್ತವೆ. ಅರ್ಕಾವತ್ತೂ ಸರಿಯಾದ ಕ್ರಮದಲ್ಲೇ ಬರುತ್ತದೆ, ಯಾಕೆಂದರೆ ಟೈಪ್ ಮಾಡುವಾಗ ರ ಮೊದಲು. ಆದರೆ ನಿಘಂಟಿನ ಪಟ್ಟಿಯಲ್ಲಿ "ಕುಂಬಾರ" ಇರುತ್ತಾನೆ, "ಕುಂಬಾರನಿಗೆ" ಇರಲ್ಲ. ಹಾಗಾಗಿ ಕಬರನಗ ಅಂತ ಪೂರ್ತಿ ಕೇಳಿದರೆ ಖಾಲಿ ಕೈ. ನಗ, ಗ, ಲಲ ಮುಂತಾದ ಬಾಲಗಳನ್ನು ನೀವೇ ಕತ್ತರಿಸಿ ಉಳಿದದ್ದನ್ನು ಕೇಳಬೇಕು.

ಈ ಬೋಳಿಸುವ ಸಾಲು ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಕೊನೆಯಲ್ಲಿ, ಉತ್ತರ ಪರೀಕ್ಷೆ ಮಾಡೋಕೆ. ಸಿಕ್ಕ ಗಾದೆಯನ್ನು ಮತ್ತೆ ಬೋಳಿಸಿ ಒಗಟಿನ ಪಕ್ಕ ಇಡಿ. ನೀವು "ಕುಂಬಾರಂಗೆ ವರುಷ" ಅಂತ ಆಡುಮಾತಲ್ಲಿ ನೆನಪಿಟ್ಟುಕೊಂಡಿದ್ದರೆ ಒಂದು ನ ಕಡಿಮೆ ಬಂದು 14 ಅಕ್ಷರ ಆಗುತ್ತದೆ. ಆಗ ಗಾದೆ ತಪ್ಪು ಅಂತ ಬಿಟ್ಟುಬಿಡಬೇಡಿ, ಒಗಟು ಮಾಡಿದವರ ಊರಲ್ಲಿ ಅದನ್ನು ಬೇರೆ ಥರ ಹೇಳುತ್ತಾರಾ ಅಂತ ನೋಡಿ. ಎರಡು ಮೂರು ಅಕ್ಷರ ಹೊಂದದೇ ಇದ್ದರೆ ಮಾತ್ರ ನೀವು ಹಿಡಿದ ಗಾದೆ ಬೇರೆಯದೇ.