ಸೋಯಾ ಬೀಜದ ಚೀಲದ ಮೇಲೆ ತಪ್ಪು ದಿನಾಂಕ: ಏನು ಮಾಡಬೇಕು?

“ಆರು ಚೀಲ ಸೋಯಾ ಬೀಜ ತಂದಿದ್ದೀನಿ. ಹಸಿರು ಲೇಬಲ್ ಮೇಲೆ ಪರೀಕ್ಷೆ 10-03-2025, ಅವಧಿ 09-12-2024 ಅಂತಿದೆ. ಒಂದು ಚೀಲ ಬಿಚ್ಚಿಬಿಟ್ಟೆ. ಅಂಗಡಿಯವರು ಪೆನ್ನಲ್ಲಿ ತಿದ್ದಿ ಕೊಡ್ತೀನಿ ಅಂತಾರೆ. ಬಿತ್ತಬಹುದಾ?”

ಪೆನ್ನಲ್ಲಿ ತಿದ್ದೋಕೆ ಬಿಡಬೇಡಿ ಸರ್. ಲೇಬಲ್ ಹಾಕಿದ ಕಂಪನಿಯೇ ಅದನ್ನು ಬದಲಾಯಿಸಬೇಕು. ಅಂಗಡಿಯವರು ತಿದ್ದಿದರೆ, ನಾಳೆ ಮೊಳಕೆ ಬರದೇ ಹೋದಾಗ ತಿದ್ದಿದ್ದು ಯಾರು ಅನ್ನೋದೇ ಜಗಳ ಆಗುತ್ತೆ.

ಪರೀಕ್ಷೆ ಆದ ದಿನದಿಂದ ಒಂಬತ್ತು ತಿಂಗಳು ಅವಧಿ. ಹಾಗೆ ಲೆಕ್ಕ ಹಾಕಿದರೆ 09-12-2025 ಇರಬೇಕಿತ್ತು. ದಿನ, ತಿಂಗಳು ಸರಿ ಇವೆ, ವರ್ಷ ಮಾತ್ರ ತಪ್ಪಿದೆ. ಪರೀಕ್ಷೆಗಿಂತ ಮೊದಲೇ ಅವಧಿ ಮುಗಿಯೋದಿಲ್ಲ ಅಲ್ವಾ? ಹಾಗಾಗಿ ಇದು ಅಚ್ಚಿನ ತಪ್ಪು ಅನಿಸುತ್ತೆ. ಆದರೂ ಖಾತ್ರಿ ಮಾಡಿಕೊಳ್ಳಿ. ಪ್ರಮಾಣಿತ ಬೀಜವಾದರೆ ಚೀಲದ ಬಾಯಿಗೆ ಹಸಿರು ಲೇಬಲ್ ಜೊತೆ ನೀಲಿ ಟ್ಯಾಗನ್ನೂ ಹೊಲಿದಿರುತ್ತಾರೆ. ಎರಡರ ಲಾಟ್ ನಂಬರ್ ಒಂದೇ ಇದೆಯಾ, ನೀಲಿ ಟ್ಯಾಗಿನಲ್ಲಿ ಅವಧಿ ಏನಿದೆ, ನೋಡಿ. ಲಾಟ್ ನಂಬರೇ ಬೇರೆ ಇದ್ದರೆ ಅದು ಅಚ್ಚಿನ ತಪ್ಪಲ್ಲ. ಆಗ ಒಂದು ಕಾಳೂ ಬಿತ್ತಬೇಡಿ.

“ಡೇಟ್ ಮುಗಿದರೆ ಬೀಜ ಸತ್ತಂಗೆ” ಅಂತ ಕೆಲವರು ಹೇಳ್ತಾರೆ. ಸೋಯಾ ವಿಷಯದಲ್ಲಿ ಅರ್ಧ ನಿಜ. ಇದರ ಸಿಪ್ಪೆ ತೆಳು, ಹಳೇದಾದಂತೆ ಮೊಳಕೆ ಬರೋದು ಬೇಗ ಕಮ್ಮಿಯಾಗುತ್ತೆ. ಆದರೆ ಅದನ್ನು ಹೇಳೋದು ಕಾಳು, ಕಾಗದ ಅಲ್ಲ. ಬಿಚ್ಚಿದ ಚೀಲದಿಂದಲೇ ಆರಿಸದೆ ನೂರು ಕಾಳು ತಗೊಳ್ಳಿ. ಒದ್ದೆ ಗೋಣಿಯ ಮೇಲೆ ಸಾಲಾಗಿ ಇಟ್ಟು, ಸುತ್ತಿ, ನೆರಳಲ್ಲಿಡಿ. ನೀರು ಸೋರುವಷ್ಟು ಒದ್ದೆ ಬೇಡ, ಕೊಳೆಯುತ್ತೆ. ಏಳೆಂಟು ದಿನಕ್ಕೆ ಎಪ್ಪತ್ತಾದರೂ ಗಟ್ಟಿ ಮೊಳಕೆ ಬರಬೇಕು. ಸೋಯಾಕ್ಕೆ ಕನಿಷ್ಠ ಮಟ್ಟ ಅಷ್ಟೇ.

ಉಳಿದ ಐದು ಚೀಲ ಬಿಚ್ಚಬೇಡಿ. ಲೇಬಲ್, ಟ್ಯಾಗ್, ಹೊಲಿಗೆ ಮೂರೂ ಕಾಣೋ ಹಾಗೆ ಫೋಟೋ ತೆಗೀರಿ. ಬಿಲ್ಲಿನಲ್ಲಿ ಲಾಟ್ ನಂಬರ್ ಇಲ್ಲದಿದ್ದರೆ ಇವತ್ತೇ ಬರೆಸಿಕೊಳ್ಳಿ. ಆಮೇಲೆ ಅಂಗಡಿಗೂ ಕಂಪನಿಗೂ ಹೀಗೆ ಬರೆಯಿರಿ: “ಈ ಲಾಟಿನ ಆರು ಚೀಲದಲ್ಲಿ ಅವಧಿಯ ದಿನಾಂಕ ಪರೀಕ್ಷೆಯ ದಿನಾಂಕಕ್ಕಿಂತ ಹಿಂದಿನದು. ಒಂದು ಬಿಚ್ಚಿದೆ, ಐದು ಹೊಲಿಗೆಯಲ್ಲಿವೆ. ಬೇರೆ ಲಾಟಿನ ಬೀಜ ಕೊಡಿ, ಇಲ್ಲವೇ ಸರಿಯಾದ ಲೇಬಲ್ ಹಾಕಿ ಲಿಖಿತವಾಗಿ ತಿಳಿಸಿ.” ಒಂದು ಪ್ರತಿ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬೀಜ ಪರಿವೀಕ್ಷಕರು ಆ ದಾಸ್ತಾನಿನ ಮಾರಾಟವನ್ನು ಮೂವತ್ತು ದಿನದವರೆಗೆ ತಡೆಯಬಹುದು. ಅದೇ ಲಾಟ್ ಊರಲ್ಲಿ ಇನ್ನೂ ಎಷ್ಟು ಮನೆಗೆ ಹೋಗಿದೆಯೋ!

ನಾನಾದರೆ ಬದಲಿ ಬೀಜವನ್ನೇ ಕೇಳುತ್ತೀನಿ. ಹೊಸ ಲೇಬಲ್ ಬರೋ ಹೊತ್ತಿಗೆ ಮಳೆ ಹದ ಹೋಗಿರುತ್ತೆ. ಚೀಲ ಗೋಡೌನಿಗೆ ಹೋಗಿ ಬಂದರೆ ಎತ್ತಿ ಒಗೆಯೋದ್ರಲ್ಲೇ ಕಾಳು ಸೀಳುತ್ತೆ. ಬಿಚ್ಚಿದ ಚೀಲಕ್ಕೂ ಬದಲಿ ಕೊಡ್ತಾರಾ ಅನ್ನೋದು ಮಾತುಕತೆಯ ಮೇಲೆ. ಅದರ ಲೇಬಲ್ ಬಿಸಾಡಬೇಡಿ.