ಚೋಳರ ಹಡಗುಗಳು ಯಾರವು?

*ಸಂಪಾದಕರೇ, ರಾಜೇಂದ್ರ ಚೋಳನ ಹತ್ತಿರ ಸಾವಿರ ಯುದ್ಧನೌಕೆ ಇದ್ದವು, ಅವನು ಇಂಡೋನೇಷ್ಯಾವನ್ನೇ ಗೆದ್ದು ಆಳಿದ ಅಂತ ವಾಟ್ಸ್ಆಪ್‌ನಲ್ಲಿ ಬರುತ್ತಲೇ ಇರುತ್ತದೆ. ಇದರಲ್ಲಿ ನಿಜ ಎಷ್ಟು? ಅಷ್ಟು ಹಡಗು ಎಲ್ಲಿಂದ ಬಂದವು? ನಮ್ಮ ಕನ್ನಡದ ಅರಸರು ಸಮುದ್ರಕ್ಕೆ ಇಳಿಯಲೇ ಇಲ್ಲವಾ?*
*— ಗಂಗೊಳ್ಳಿಯಿಂದ ಒಬ್ಬ ಓದುಗ*

ದಾಳಿ ನಡೆದದ್ದು ನಿಜ. ಸಾವಿರ ಎಂಬ ಲೆಕ್ಕ ಚೋಳರ ಯಾವ ಶಾಸನದಲ್ಲೂ ಇಲ್ಲ. ಆಳಿದ ಎನ್ನುವುದಂತೂ ತಪ್ಪು.

ತಂಜಾವೂರಿನ ದೊಡ್ಡ ಗುಡಿಯ ಗೋಡೆಯ ಮೇಲೆ ರಾಜೇಂದ್ರನ ತಮಿಳು ಶಾಸನವೊಂದಿದೆ. ಅಲೆಯುವ ಕಡಲಿನ ನಡುವೆ ಹಲವು ಹಡಗುಗಳನ್ನು ಕಳಿಸಿ, ಕಡಾರದ ಅರಸ ಸಂಗ್ರಾಮ ವಿಜಯೋತ್ತುಂಗವರ್ಮನನ್ನು ಹಿಡಿದ ಎಂದು ಅದು ಹೇಳುತ್ತದೆ. ಅವನ ಆನೆಗಳು, ಭಂಡಾರ, ವಿದ್ಯಾಧರ ತೋರಣವೆಂಬ ರತ್ನದ ಬಾಗಿಲು ಸಿಕ್ಕವಂತೆ. ಆಮೇಲೆ ಊರುಗಳ ಪಟ್ಟಿ ಬರುತ್ತದೆ. ಶ್ರೀವಿಜಯ ಎಂದರೆ ಸುಮಾತ್ರಾದ ಪಾಲೆಂಬಾಂಗ್. ಇಲಾಮುರಿದೇಶ ಅದೇ ದ್ವೀಪದ ಉತ್ತರದ ತುದಿ. ಮಾನಕ್ಕವಾರಂ ಎಂದರೆ ನಿಕೋಬಾರ್. ಕಡಾರ ಇಂದಿನ ಮಲೇಷ್ಯಾದ ಕೆಡಾ. ಈ ಸುದ್ದಿ ರಾಜೇಂದ್ರನ 14ನೇ ಆಳ್ವಿಕೆ ವರ್ಷದ ಶಾಸನಗಳಿಂದ ಕಾಣಿಸಿಕೊಳ್ಳುತ್ತದೆ. ಹಾಗಾಗಿ ದಾಳಿಯ ಕಾಲ 1025ರ ಸುಮಾರು ಎನ್ನುತ್ತಾರೆ.

ನಕ್ಷೆ ತೆರೆದು ಈ ಊರುಗಳನ್ನು ಗುರುತು ಮಾಡಿ ನೋಡಿ. ಬಹುತೇಕ ಎಲ್ಲವೂ ಮಲಾಕಾ ಜಲಸಂಧಿಯ ಆಚೀಚೆ ಇರುವ ಬಂದರುಗಳು. ನಮ್ಮ ಕಡೆಯಿಂದ ಚೀನಾಕ್ಕೆ ಹೋಗುವ ಹಡಗು ಆ ಕಿರಿದಾದ ದಾರಿಯಲ್ಲೇ ಹಾಯಬೇಕಿತ್ತು. ಅಲ್ಲಿ ಶ್ರೀವಿಜಯದ ಅರಸರು ಕೂತಿದ್ದರು. ಇನ್ನೂರು ವರ್ಷಗಳ ಬಳಿಕ, 1225ರಲ್ಲಿ, ಚೀನಾದ ಅಧಿಕಾರಿ ಝಾವೋ ರುಗುವಾ ಅವರ ರೀತಿಯನ್ನು ಬರೆದಿಟ್ಟಿದ್ದಾನೆ: ಬಂದರಿಗೆ ಬಾರದೆ ಮುಂದೆ ಸಾಗುವ ಹಡಗಿನ ಮೇಲೆ ಅವರು ದೋಣಿ ಕಳಿಸಿ ಮುಗಿಬೀಳುತ್ತಾರೆ. ರಾಜೇಂದ್ರನ ಕಾಲದಲ್ಲೂ ಸುಂಕದ ಜಗಳ ಇಂಥದ್ದೇ ಇದ್ದಿರಬೇಕು. ಊರುಗಳ ಪಟ್ಟಿಯೇ ಹಾಗೆ ಹೇಳುತ್ತದೆ. ನೆಲದ ಆಸೆಯಿದ್ದವನು ಬಂದರನ್ನಷ್ಟೇ ಹೊಡೆದು ಬರುವುದಿಲ್ಲ, ಅಲ್ವಾ?

ಮೊದಲು ಈ ಎರಡು ಮನೆತನಗಳು ಚೆನ್ನಾಗಿಯೇ ಇದ್ದವು. ಶ್ರೀವಿಜಯದ ಅರಸನ ಹೆಸರಿನಲ್ಲಿ ನಾಗಪಟ್ಟಣದಲ್ಲಿ ಚೂಡಾಮಣಿ ವಿಹಾರ ಎದ್ದಿತ್ತು. ಅದರ ಖರ್ಚಿಗೆ ರಾಜೇಂದ್ರನ ತಂದೆ ರಾಜರಾಜನೇ ಆನೈಮಂಗಲಂ ಎಂಬ ಹಳ್ಳಿ ಬಿಟ್ಟುಕೊಟ್ಟಿದ್ದ.

ಇನ್ನು ಹಡಗಿನ ಮಾತು. ಆ ಕಾಲದಲ್ಲಿ ನಮ್ಮ ಸಮುದ್ರದ ಹಡಗನ್ನು ಮೊಳೆ ಹೊಡೆದು ಜೋಡಿಸುತ್ತಿದ್ದದ್ದು ಕಡಿಮೆ. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಉದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಸಂದಿಗಳಲ್ಲಿ ನಾರು ತುರುಕಿ ಎಣ್ಣೆ ಬಳಿಯುತ್ತಿದ್ದರು. ಹೊಲಿದ ಹಡಗು ಸ್ವಲ್ಪ ಬಳುಕುತ್ತದೆ, ಮರಳಿಗೆ ತಗುಲಿದರೂ ಥಟ್ಟನೆ ಒಡೆಯುವುದಿಲ್ಲ. ಆದರೆ ಹುರಿ ಕೊಳೆಯುತ್ತದೆ, ನೀರು ಜಿನುಗುತ್ತಲೇ ಇರುತ್ತದೆ. ಆಗಾಗ ದಡಕ್ಕೆಳೆದು ಹುರಿ ಬಿಚ್ಚಿ ಮತ್ತೆ ಹೊಲಿಯಬೇಕು. ಸಾವಿರ ಹಡಗು ಕಟ್ಟಿ ಸುಮ್ನೆ ಇಟ್ಟುಕೊಳ್ಳುವುದು ಯಾವ ಅರಸನಿಗೂ ಹೊರೆ. ದುಡಿಯದ ಹಡಗು ಅಲ್ಲೇ ಕೊಳೆಯುತ್ತದೆ.

ಈ ಹುರಿಗೆ ನಾರು ಎಲ್ಲಿಂದ? ಆ ಕಾಲದಲ್ಲಿ ಅದಕ್ಕೆ ಹೆಸರಾದದ್ದು ಮಾಲ್ಡೀವ್ಸ್ ಕಡೆಯ ದ್ವೀಪಗಳು. ಅದೇ ಕಾಲದ ಅಲ್ ಬಿರೂನಿ ಅಲ್ಲಿನ ದ್ವೀಪಗಳನ್ನು ಎರಡು ಗುಂಪು ಮಾಡಿ, ಒಂದನ್ನು ಕವಡೆಯಿಂದಲೂ ಇನ್ನೊಂದನ್ನು ನಾರಿನ ಹಗ್ಗದಿಂದಲೂ ಗುರುತಿಸುತ್ತಾನೆ. ಆ ಕಡೆಯ 'ಹನ್ನೆರಡು ಸಾವಿರ ಹಳೆಯ ದ್ವೀಪ'ಗಳನ್ನು ಗೆದ್ದೆ ಎಂದು ರಾಜರಾಜನ ಶಾಸನ ಹೇಳಿಕೊಳ್ಳುತ್ತದೆ. ಎಣಿಕೆಯಲ್ಲಿ ಉತ್ಪ್ರೇಕ್ಷೆ ಇದೆ, ಇರಲಿ. ಹಡಗಿನ ಹುರಿ ಎಲ್ಲಿ ಸಿಗುತ್ತದೆ ಎಂಬುದು ಆ ಮನೆತನಕ್ಕೆ ಚೆನ್ನಾಗಿ ಗೊತ್ತಿತ್ತು ಎಂದು ನನಗನ್ನಿಸುತ್ತದೆ.

ಹಾಗಾದರೆ 1025ರಲ್ಲಿ ಸೈನಿಕರನ್ನು ಹೊತ್ತು ಹೋದದ್ದು ಯಾವ ಹಡಗುಗಳು? ಬಹುಪಾಲು ವ್ಯಾಪಾರಿಗಳ ಹಡಗುಗಳೇ ಎಂಬುದು ನನ್ನ ಅಭಿಪ್ರಾಯ. ವರ್ಷವಿಡೀ ಹೋಗಿ ಬರುವವರು ಅವರೇ. ಗಾಳಿ, ನೀರು, ಬಂದರು ಗೊತ್ತಿದ್ದವರೂ ಅವರೇ. ಹೆಚ್ಚು ಸುಂಕ ತೆತ್ತು ಬೇಸತ್ತವರೂ ಅವರೇ. ಅರಸನ ಸೈನಿಕರು, ಸೆಟ್ಟಿಗಳ ಹಡಗು, ಇಬ್ಬರಿಗೂ ಲಾಭ.

ಇಲ್ಲಿ ಕನ್ನಡ ನಾಡಿನ ನಂಟು ಬರುತ್ತದೆ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘದ ಬೇರು ನಮ್ಮ ಐಹೊಳೆಯಲ್ಲಿದೆ. ತಮಿಳು ನಾಡಿನಲ್ಲೂ ಅವರ ಶಾಸನಗಳು ಬೇಕಾದಷ್ಟಿವೆ. ಸುಮಾತ್ರಾದ ಪಶ್ಚಿಮ ದಡದ ಬಾರುಸ್ ಹತ್ತಿರ, ಲೋಬು ತುವಾ ಎಂಬಲ್ಲಿ, 1088ರ ತಮಿಳು ಶಾಸನ ಸಿಕ್ಕಿದೆ. ಅದನ್ನು ಹಾಕಿಸಿದವರು ಐನೂರ್ವರ ಬಳಗದವರು. ಅಲ್ಲಿಗೆ ಬರುವ ಹಡಗಿನವರು ಕಸ್ತೂರಿಯ ಬೆಲೆ ನೋಡಿ ಬಂಗಾರದ ರೂಪದಲ್ಲಿ ಶುಲ್ಕ ಕೊಡಬೇಕು ಎಂದು ಅದರಲ್ಲಿದೆ. ಸೈನ್ಯ ವಾಪಸಾದ ಅರವತ್ತು ಚಿಲ್ಲರೆ ವರ್ಷಗಳ ಮೇಲೂ ಅಲ್ಲಿ ಕೂತು ಲೆಕ್ಕ ಬರೆಯುತ್ತಿದ್ದವರು ವರ್ತಕರು.

ಸೈನ್ಯ ಯಾಕೆ ಅಲ್ಲೇ ಉಳಿಯಲಿಲ್ಲ? ಗಂಗೊಳ್ಳಿಯವರಿಗೆ ಗಾಳಿಯ ಪಾಠ ಹೇಳುವ ಅಗತ್ಯವಿಲ್ಲ. ಬಂಗಾಳ ಕೊಲ್ಲಿಯಲ್ಲಿ ನೈಋತ್ಯದ ಗಾಳಿ ಹಡಗನ್ನು ಪೂರ್ವಕ್ಕೆ ತಳ್ಳುತ್ತದೆ, ಈಶಾನ್ಯದ ಗಾಳಿ ವಾಪಸು ತರುತ್ತದೆ. ನಾಗಪಟ್ಟಣದಿಂದ ನಿಕೋಬಾರ್‌ಗೇ ಸುಮಾರು 1500 ಕಿಲೋಮೀಟರ್. ಕೆಡಾದಿಂದ ನಾಗಪಟ್ಟಣಕ್ಕೆ ಮೂವತ್ತು ದಿನ ಹಿಡಿಯಿತು ಎಂದು 7ನೇ ಶತಮಾನದ ಚೀನೀ ಯಾತ್ರಿಕರ ಬರಹದಲ್ಲಿದೆ. ಅಷ್ಟು ದಿನದ ಅಕ್ಕಿ, ಕುಡಿಯುವ ನೀರು ಹಡಗಿನಲ್ಲೇ ಹೋಗಬೇಕು. ಅಲ್ಲಿ ಸಿಕ್ಕಿಬಿದ್ದರೆ ಸಹಾಯ ಕೇಳಲು ಗಾಳಿ ತಿರುಗುವ ತನಕ ಕಾಯಬೇಕು, ಸಹಾಯ ಬರಲು ಗಾಳಿ ಇನ್ನೊಮ್ಮೆ ತಿರುಗಬೇಕು. ಇಂಥ ದೂರದಲ್ಲಿ ನೆಲ ಹಿಡಿದು ಆಳುವುದು ಸಾಧ್ಯವಿರಲಿಲ್ಲ. ಹೊಡೆದು, ದೋಚಿ, ಹೆದರಿಸಿ ಬರಬಹುದಿತ್ತು.

ಶ್ರೀಲಂಕಾದ ಕಥೆ ಬೇರೆ. ಅದು ಹತ್ತಿರ. ಅಲ್ಲಿ ಚೋಳರು ಪೊಲೊನ್ನರುವವನ್ನು ರಾಜಧಾನಿ ಮಾಡಿಕೊಂಡು ದಶಕಗಳ ಕಾಲ ನಿಂತರು.

ಶ್ರೀವಿಜಯ ಮಾತ್ರ ಬೇಗ ಚೇತರಿಸಿಕೊಂಡಿತು. ಚೀನಾದ ಸಾಂಗ್ ಆಸ್ಥಾನದಲ್ಲಿ ಅದರ ಮಾನವೂ ಉಳಿಯಿತು. 1106ರಲ್ಲಿ ಬರ್ಮಾದ ಪಗಾನ್‌ನಿಂದ ದೂತರು ಬಂದಾಗ, ಅವರಿಗೆ ಚೋಳರಷ್ಟೇ ಮರ್ಯಾದೆ ಸಾಕು ಎಂದು ಮೊದಲು ಅಪ್ಪಣೆಯಾಯಿತು. ಚೋಳರು ಶ್ರೀವಿಜಯಕ್ಕೆ ಅಧೀನರು, ಪಗಾನ್ ದೊಡ್ಡ ರಾಜ್ಯ, ಅದು ಸರಿಯಲ್ಲ ಎಂದು ಅಧಿಕಾರಿಗಳು ವಾದಿಸಿದರು. ಗೆದ್ದವನೇ ಸೋತವನ ಕೈಕೆಳಗಿನವನಾಗಿ ಕಡತಕ್ಕೆ ಸೇರಿದ್ದ! ವಾಟ್ಸ್ಆಪ್‌ನಲ್ಲಿ ಇದು ಬರುವುದಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಇಳಿದಿದ್ದರು. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಮದಗಜದಂಥ ನೂರಾರು ಹಡಗುಗಳಿಂದ ಪಶ್ಚಿಮ ಕಡಲಿನ ಪುರಿಯನ್ನು ಮುತ್ತಿದ ಎಂದು ರವಿಕೀರ್ತಿ ಹಾಡಿದ್ದಾನೆ. ಅವನು ಕವಿ, ಎಣಿಕೆಯನ್ನು ಹಾಗೇ ನಂಬಬೇಡಿ. ಆಮೇಲೆ ಗೋವೆಯ ಕದಂಬರೂ ಕಡಲಿನಲ್ಲಿ ಬಲವಾಗಿದ್ದರು. ಆದರೆ ಇವರ ಕದನಗಳು ಹೆಚ್ಚಾಗಿ ದಡದ ಪಕ್ಕದಲ್ಲೇ ನಡೆದವು. ಅದಕ್ಕೆ ಬೇಕಾದ ಹಡಗೂ ಬೇರೆ. ಮುಂಬೈಯ ಬೋರಿವಲಿ ಹತ್ತಿರದ ಎಕ್ಸಾರ್‌ನಲ್ಲಿ ಕಡಲ ಕಾಳಗದ ವೀರಗಲ್ಲುಗಳಿವೆ. ಕೆತ್ತನೆಯ ಹಡಗುಗಳಲ್ಲಿ ಕೂವೆಮರವೂ ಇದೆ, ಸಾಲಾಗಿ ಹುಟ್ಟುಗಳೂ ಇವೆ. ಹುಟ್ಟು ಹಾಕುವ ಹಡಗು ಗಾಳಿ ಇಲ್ಲದಾಗಲೂ ಶತ್ರುವಿನ ಪಕ್ಕಕ್ಕೆ ಹೋಗಬಲ್ಲದು. ಆದರೆ ಹುಟ್ಟು ಹಾಕುವವರ ಹೊಟ್ಟೆಗೂ ಜಾಗಕ್ಕೂ ಅರ್ಧ ಹಡಗು ಹೋಗುತ್ತದೆ. ಹಾಗಾಗಿ ಮೂವತ್ತು ದಿನದ ದಾರಿಗೆ ಅದು ಆಗದು. ಅದಕ್ಕೆ ಹಾಯಿ ಬಿಚ್ಚಿ ಸಾಮಾನು ತುಂಬಿ ಹೋಗುವ ವ್ಯಾಪಾರದ ಹಡಗೇ ಆಗಬೇಕಿತ್ತು.